ಮೌಸ್‌ನ ಪಕ್ಕದ ಬಟನ್‌ಗಳು: ಕಾಪಿ, ಪೇಸ್ಟ್ ಮತ್ತು ಇತರ ಕೆಲಸಗಳ ಜೋಡಣೆ

ಮೌಸ್‌ನ ಎಡಬದಿಯಲ್ಲಿ ಹೆಬ್ಬೆರಳಿಗೆ ಸಿಗುವಂತೆ ಒಂದರ ಮುಂದೊಂದು ಇರುವ ಎರಡು ಸಣ್ಣ ಬಟನ್‌ಗಳನ್ನು ಸಾಮಾನ್ಯವಾಗಿ ಪಕ್ಕದ ಬಟನ್‌ಗಳು ಎನ್ನುತ್ತಾರೆ. ಕೊಂಡ ದಿನ ಅವು ಮಾಡುವುದು ಒಂದೇ ಕೆಲಸ: ಬ್ರೌಸರ್‌ನಲ್ಲಿ ಹಿಂದಿನ ಪುಟಕ್ಕೋ ಮುಂದಿನ ಪುಟಕ್ಕೋ ಒಯ್ಯುವುದು. ತಯಾರಕರು ಕೊಡುವ ಸಾಫ್ಟ್‌ವೇರ್ ಹಾಕಿಕೊಂಡರೆ ಇವೇ ಬಟನ್‌ಗಳಿಗೆ ಕಾಪಿ, ಪೇಸ್ಟ್, ಅನ್‌ಡು ಮೊದಲಾದ ಕೆಲಸಗಳನ್ನು ಜೋಡಿಸಬಹುದು. ಎಕ್ಸೆಲ್‌ನಲ್ಲಿ ಒಂದು ಕೆಲಸ, ಬ್ರೌಸರ್‌ನಲ್ಲಿ ಇನ್ನೊಂದು ಎಂದು ಬೇರೆ ಬೇರೆ ಮಾಡಲೂಬಹುದು. ಬಳಕೆದಾರರ ಗಮನವೆಲ್ಲ ಯಾವ ಬಟನ್‌ಗೆ ಯಾವ ಕೆಲಸ ಕೊಡಬೇಕು ಎಂಬುದರ ಮೇಲೆ ಇರುತ್ತದೆ. ಆದರೆ ಜೋಡಣೆ ಕೈಕೊಡುವ ಸಂದರ್ಭಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಬಹುತೇಕ ತೊಂದರೆಗಳ ಮೂಲ ಬೇರೆಡೆ ಇರುತ್ತದೆ. ಆ ಜೋಡಣೆ ಕಂಪ್ಯೂಟರಿನಲ್ಲಿ ಓಡುವ ಸಾಫ್ಟ್‌ವೇರಿನಲ್ಲಿದೆಯೋ, ಮೌಸ್‌ನ ಒಳಗಿನ ಮೆಮರಿಯಲ್ಲಿದೆಯೋ ಎಂಬುದನ್ನು ಮೊದಲು ತೀರ್ಮಾನಿಸಿಕೊಂಡರೆ ಯಾವ ಕೆಲಸ ಕೊಡಬಹುದು, ಯಾವುದನ್ನು ಕೊಡಬಾರದು ಎಂಬುದು ಹೆಚ್ಚುಕಡಿಮೆ ತಾನಾಗಿಯೇ ಗೊತ್ತಾಗುತ್ತದೆ.

1999ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ಹೆಬ್ಬೆರಳಿನ ಜೋಡಿ ಬಟನ್‌ಗಳನ್ನು ಜನಪ್ರಿಯಗೊಳಿಸಿತು. ಬಟನ್ ಒತ್ತಿದಾಗ ಮೌಸ್ ಕಳಿಸುವ ಸಂದೇಶದಲ್ಲಿ 'ಹಿಂದಕ್ಕೆ' ಎಂಬ ಅರ್ಥವೇನೂ ಇರುವುದಿಲ್ಲ. ಎಡ, ಬಲ, ಚಕ್ರದ ಬಟನ್‌ಗಳು ಒಂದು, ಎರಡು, ಮೂರು ಎಂದಾದರೆ ಇವು ನಾಲ್ಕು ಮತ್ತು ಐದು. ಮೌಸ್ ಹೇಳುವುದು ನಾಲ್ಕನೆಯದು ಒತ್ತಿದೆ, ಬಿಟ್ಟಿದೆ ಎಂದಷ್ಟೇ. ವಿಂಡೋಸ್ ಇದನ್ನು ಮುಂದಿರುವ ಪ್ರೋಗ್ರಾಮಿಗೆ ದಾಟಿಸುತ್ತದೆ, ಆ ಪ್ರೋಗ್ರಾಂ ತಾನಾಗಿ ಏನೂ ಮಾಡದೆ ಬಿಟ್ಟರೆ 'ಬ್ರೌಸರ್ ಹಿಂದಕ್ಕೆ' ಎಂಬ ಆಜ್ಞೆಯಾಗಿ ಬದಲಿಸುತ್ತದೆ. ಅಂದರೆ ಅರ್ಥ ಹುಟ್ಟುವುದು ಬಟನ್ ಒತ್ತಿದ ಮೇಲೆ, ದಾರಿಯ ನಡುವೆ. ನಾಲ್ಕನೆಯ ಬಟನ್ ಅನ್ನು ಕಾಪಿ ಎಂದು ಓದಿಕೊಳ್ಳುವ ಸೌಲಭ್ಯ ವಿಂಡೋಸ್‌ನ ಮೌಸ್ ಸೆಟ್ಟಿಂಗ್‌ನಲ್ಲಿ ಇಲ್ಲ; ಎಡ ಬಲ ಬಟನ್‌ಗಳನ್ನು ಅದಲುಬದಲು ಮಾಡಬಹುದು, ಅಷ್ಟೇ. ತಯಾರಕರ ಸಾಫ್ಟ್‌ವೇರ್ ಬೇಕಾಗುವುದು ಈ ಕೊರತೆಯಿಂದಲೇ.

ಈ ಅರ್ಥಾಂತರವನ್ನು ಎರಡು ಕಡೆ ಮಾಡಬಹುದು. ಎರಡೂ ಬಗೆಗೆ ಒಂದೇ ಕಂಪನಿಯಲ್ಲಿ ಉದಾಹರಣೆ ಸಿಗುವುದರಿಂದ ಲಾಜಿಟೆಕ್‌ನ ಮೌಸ್‌ಗಳನ್ನು ನೋಡಬಹುದು. ಎಂಎಕ್ಸ್ ಮಾಸ್ಟರ್‌ನಂಥ ಕಚೇರಿ ಮೌಸ್‌ಗಳಿಗೆ ಆಪ್ಷನ್ಸ್ ಪ್ಲಸ್ ಎಂಬ ಸಾಫ್ಟ್‌ವೇರ್ ಇದೆ. ಅದರಲ್ಲಿ ಮೌಸ್‌ನ ಚಿತ್ರದ ಮೇಲೆ ಪಕ್ಕದ ಬಟನ್ ಕ್ಲಿಕ್ ಮಾಡಿ ಪಟ್ಟಿಯಿಂದ `Copy` ಆರಿಸಬಹುದು, ಅಥವಾ `Keyboard shortcut` ಆರಿಸಿ ಬೇಕಾದ ಕೀಗಳನ್ನು ಒತ್ತಿ ತೋರಿಸಬಹುದು. ಇಲ್ಲಿ ಮೌಸ್‌ಗೆ ಕಾಪಿ ಎಂಬುದು ಗೊತ್ತೇ ಇಲ್ಲ. ಬಟನ್ ಒತ್ತಿದ ಸುದ್ದಿಯನ್ನು ಅದು ಸಾಫ್ಟ್‌ವೇರಿಗೆ ಮುಟ್ಟಿಸುತ್ತದೆ, ಹಿನ್ನೆಲೆಯಲ್ಲಿ ಓಡುತ್ತಿರುವ ಸಾಫ್ಟ್‌ವೇರ್ `Ctrl+C` ಒತ್ತಿದಂತೆ ನಟಿಸುತ್ತದೆ. ಜಿ502 ಹೀರೋದಂಥ ಗೇಮಿಂಗ್ ಮೌಸ್‌ಗಳಿಗಿರುವ ಜಿ ಹಬ್ ಕೂಡ ಹಾಗೆ ಮಾಡಬಲ್ಲದು, ಆದರೆ ಅದಕ್ಕೆ ಇನ್ನೊಂದು ದಾರಿಯೂ ಇದೆ. ಮೌಸ್‌ನ ಸೆಟ್ಟಿಂಗ್ ಪುಟದಲ್ಲಿ `On-board memory mode` ಚಾಲೂ ಮಾಡಿ ಜೋಡಣೆಯನ್ನು ಮೌಸ್‌ನೊಳಗಿನ ಮೆಮರಿಗೆ ಬರೆಯಬಹುದು. ಜಿ502 ಹೀರೋದಲ್ಲಿ ಇಂಥ ಐದು ಪ್ರೊಫೈಲ್‌ಗಳಿಗೆ ಜಾಗವಿದೆ. ಇಂಥ ಮೌಸ್ ಕಂಪ್ಯೂಟರಿಗೆ ತನ್ನನ್ನು ಮೌಸ್ ಎಂದೂ ಕೀಬೋರ್ಡ್ ಎಂದೂ ಒಟ್ಟಿಗೆ ಪರಿಚಯಿಸಿಕೊಳ್ಳುತ್ತದೆ. ಹೆಬ್ಬೆರಳು ಒತ್ತಿದಾಗ ಅದರ ಕೀಬೋರ್ಡ್ ಭಾಗ ನಿಜವಾಗಿಯೇ `Ctrl` ಮತ್ತು `C` ಕೀಗಳನ್ನು ಕಳಿಸುತ್ತದೆ. ಆಪರೇಟಿಂಗ್ ಸಿಸ್ಟಮ್‌ಗೆ ಅದು ಬೆರಳು ಒತ್ತಿದ ಕೀಗಿಂತ ಬೇರೆಯಾಗಿ ಕಾಣುವುದಿಲ್ಲ.

ಸಾಫ್ಟ್‌ವೇರ್ ದಾರಿಯ ಮೊದಲ ಮಿತಿ, ಸಾಫ್ಟ್‌ವೇರ್ ನಿಂತರೆ ಜೋಡಣೆಯೂ ನಿಲ್ಲುತ್ತದೆ. ಇದು ಬರೀ ತರ್ಕದ ಮಾತಲ್ಲ. 2026ರ ಜನವರಿಯ ಮೊದಲ ವಾರದಲ್ಲಿ ಆಪಲ್ ಕಂಪ್ಯೂಟರುಗಳಲ್ಲಿ ಆಪ್ಷನ್ಸ್ ಪ್ಲಸ್ ಮತ್ತು ಜಿ ಹಬ್ ಎರಡೂ ತೆರೆಯುವುದನ್ನೇ ಬಿಟ್ಟವು. ಡೆವಲಪರ್ ಸರ್ಟಿಫಿಕೇಟಿನ ಅವಧಿ ಮುಗಿದದ್ದು ಕಾರಣ. ಸರಿಪಡಿಸಿದ ಆವೃತ್ತಿ ಹಾಕಿಕೊಳ್ಳುವವರೆಗೆ ಜನ ಜೋಡಿಸಿಕೊಂಡಿದ್ದ ಬಟನ್‌ಗಳು ಹಳೆಯ ಕೆಲಸಕ್ಕೇ ಮರಳಿದ್ದವು. ಮೌಸ್‌ಗಳಲ್ಲಿ ಯಾವ ದೋಷವೂ ಇರಲಿಲ್ಲ. ಎರಡನೆಯ ಮಿತಿ ಅಷ್ಟು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ವಿಂಡೋಸ್ ವಿಸ್ಟಾದಿಂದ ಈಚೆಗೆ, ಸಾಮಾನ್ಯ ಹಕ್ಕಿನಲ್ಲಿ ಓಡುವ ಪ್ರೋಗ್ರಾಂ ಅಡ್ಮಿನಿಸ್ಟ್ರೇಟರ್ ಹಕ್ಕಿನಲ್ಲಿ ತೆರೆದ ಕಿಟಕಿಗೆ ನಕಲಿ ಕೀಗಳನ್ನು ಕಳಿಸದಂತೆ ತಡೆಯಿದೆ. ಆದ್ದರಿಂದ ನೋಟ್‌ಪ್ಯಾಡ್‌ನಲ್ಲಿ ಸಲೀಸಾಗಿ ಪೇಸ್ಟ್ ಮಾಡುವ ಬಟನ್, ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನ ಮುಂದೆ ಸುಮ್ಮನಾಗಬಹುದು. ತಪ್ಪು ಸಂದೇಶವೇನೂ ಬರುವುದಿಲ್ಲ. ಒತ್ತಿದ್ದೇ ಇಲ್ಲವೇನೋ ಎಂಬಂತಿರುತ್ತದೆ. ಮೌಸ್‌ನ ಮೆಮರಿಯಿಂದ ಬರುವ ಕೀಗೆ ಈ ತಡೆ ಅನ್ವಯಿಸುವುದಿಲ್ಲ, ಏಕೆಂದರೆ ಅದು ನಕಲಿ ಕೀ ಅಲ್ಲ.

ಮೂರನೆಯದು ಭದ್ರತೆಯ ಪ್ರಶ್ನೆ. ಬಳಕೆದಾರರ ಪರವಾಗಿ ಕೀ ಒತ್ತುವ ಅಧಿಕಾರವುಳ್ಳ ಪ್ರೋಗ್ರಾಂ ಸದಾ ಓಡುತ್ತಿದ್ದರೆ ಆ ಅಧಿಕಾರ ಬೇರೆಯವರ ಕೈಗೆ ಸಿಗುವ ಸಾಧ್ಯತೆಯೂ ಇರುತ್ತದೆ. ಗೂಗಲ್ ಪ್ರಾಜೆಕ್ಟ್ ಝೀರೋದ ಟಾವಿಸ್ ಓರ್ಮಂಡಿ 2018ರಲ್ಲಿ ಬಹಿರಂಗಪಡಿಸಿದ್ದು ಇಂಥದ್ದೇ ಒಂದು ಲೋಪವನ್ನು: ಆಗಿನ ಲಾಜಿಟೆಕ್ ಆಪ್ಷನ್ಸ್ ಕಂಪ್ಯೂಟರಿನೊಳಗೆ ತೆರೆದಿಟ್ಟುಕೊಂಡಿದ್ದ ಸಂಪರ್ಕದ್ವಾರದ ಮೂಲಕ ಯಾವುದೋ ವೆಬ್‌ಪುಟವೂ ಕೀಗಳನ್ನು ಒತ್ತಿಸಬಹುದಿತ್ತು. ಆ ಲೋಪವನ್ನು ಮುಚ್ಚಲಾಗಿದೆ. ಆದರೂ ಅನೇಕ ಕಂಪನಿಗಳು ಕೆಲಸದ ಲ್ಯಾಪ್‌ಟಾಪ್‌ಗಳಲ್ಲಿ ಇಂಥ ಸಾಫ್ಟ್‌ವೇರ್ ಹಾಕಲು ಬಿಡದಿರುವುದಕ್ಕೆ ಅರ್ಥವಿದೆ ಎಂಬುದು ಈ ಪ್ರಕರಣದಿಂದ ತಿಳಿಯುತ್ತದೆ. ಬೆಂಗಳೂರಿನ ಐಟಿ ಕಚೇರಿಯಲ್ಲಿರುವವರಿಗೆ ಮೆಮರಿಯುಳ್ಳ ಮೌಸ್‌ನ ದೊಡ್ಡ ಉಪಯೋಗ ಇದೇ ಇರಬಹುದು: ಮನೆಯ ಕಂಪ್ಯೂಟರಿನಲ್ಲಿ ಜಿ ಹಬ್ ಹಾಕಿ ಬಟನ್‌ಗಳಿಗೆ ಕಾಪಿ, ಪೇಸ್ಟ್ ಬರೆದುಕೊಂಡರೆ ಕಚೇರಿಯಲ್ಲಿ ಏನನ್ನೂ ಹಾಕದೆ ಅವು ಕೆಲಸ ಮಾಡುತ್ತವೆ. ಹೊರಗಿನ ಯುಎಸ್‌ಬಿ ಸಾಧನಗಳಿಗೇ ನಿಷೇಧವಿರುವ ಕಡೆ ಇದೂ ನಡೆಯದು, ನಡೆಸಲೂ ಬಾರದು.

ಹಾಗಾದರೆ ಎಲ್ಲವನ್ನೂ ಮೌಸ್‌ನ ಮೆಮರಿಗೇ ಬರೆದುಬಿಡಬಾರದೇಕೆ? ಮೆಮರಿಗೆ ಗೊತ್ತಿರುವುದು ಕೀಗಳ ಜಾಗ ಮಾತ್ರ. ಮುಂದಿರುವ ಪ್ರೋಗ್ರಾಂ ಯಾವುದು, ಆಪರೇಟಿಂಗ್ ಸಿಸ್ಟಮ್ ಯಾವುದು, ಕೀಬೋರ್ಡ್ ಯಾವ ಭಾಷೆಯಲ್ಲಿದೆ ಎಂಬುದೊಂದೂ ಅದಕ್ಕೆ ತಿಳಿಯದು. ವಿಂಡೋಸ್‌ನಲ್ಲಿ `Ctrl+C` ಬರೆದುಕೊಂಡ ಮೌಸ್ ಅನ್ನು ಆಪಲ್ ಕಂಪ್ಯೂಟರಿಗೆ ಚುಚ್ಚಿದರೆ ಕಾಪಿ ಆಗುವುದಿಲ್ಲ, ಏಕೆಂದರೆ ಅಲ್ಲಿ ಬೇಕಾದದ್ದು `Cmd+C`. ಭಾಷೆಯ ವಿಷಯ ಕನ್ನಡದಲ್ಲಿ ಬರೆಯುವವರಿಗೆ ನೇರವಾಗಿ ಸಂಬಂಧಿಸಿದ್ದು. ವಿಂಡೋಸ್‌ನ ಕನ್ನಡ ಇನ್‌ಸ್ಕ್ರಿಪ್ಟ್ ಕೀಬೋರ್ಡ್ ಚಾಲೂ ಇದ್ದಾಗಲೂ `Ctrl+C` ಕಾಪಿಯನ್ನೇ ಮಾಡುತ್ತದೆ. ಅದರ ಬಗ್ಗೆ ಆತಂಕ ಬೇಡ. ಆದರೆ ಕೆಲವರು ಬಟನ್‌ಗೆ ಇಡೀ ಪದವನ್ನೇ ಬರೆದಿಡುತ್ತಾರೆ. `ok` ಎಂದು ಟೈಪ್ ಮಾಡುವ ಮ್ಯಾಕ್ರೋ ಇನ್‌ಸ್ಕ್ರಿಪ್ಟ್ ಚಾಲೂ ಇದ್ದಾಗ 'ದಕ' ಎಂದು ಮೂಡುತ್ತದೆ, ಯಾಕೆಂದರೆ ಆ ವಿನ್ಯಾಸದಲ್ಲಿ `o` ಇರುವ ಜಾಗ ದ, `k` ಇರುವ ಜಾಗ ಕ. ಮೌಸ್ ಕಳಿಸಿದ್ದು ಸರಿಯಾಗಿಯೇ ಇದೆ, ಓದಿಕೊಂಡ ವಿನ್ಯಾಸ ಬೇರೆ. ಹಾಗಾಗಿ ಮೆಮರಿಗೆ `Ctrl` ಜೊತೆಗಿನ ಶಾರ್ಟ್‌ಕಟ್‌ಗಳನ್ನಷ್ಟೇ ಬರೆದು, ಪದಗಳನ್ನು ಬರೆಯದಿರುವುದು ಒಳ್ಳೆಯದು. (ನುಡಿಯ ಹಳೆಯ, ಯುನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿರುವ ಬರಹವನ್ನು ಕಾಪಿ ಮಾಡಿ ಬ್ರೌಸರ್‌ಗೆ ಪೇಸ್ಟ್ ಮಾಡಿದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುವುದು ಬೇರೆಯೇ ವಿಷಯ. ಅದು ಕೀಬೋರ್ಡಿನಿಂದ ಮಾಡಿದರೂ ಹಾಗೇ ಆಗುತ್ತದೆ.)

ಎರಡು ದಾರಿಗಳ ಗುಣದೋಷ ಹೀಗಿರುವಾಗ ಕೆಲಸವನ್ನು ಅವುಗಳ ನಡುವೆ ಹಂಚುವುದೇ ಯುಕ್ತ. ಎಲ್ಲೆಡೆ ಒಂದೇ ಅರ್ಥ ಬರುವ ಕಾಪಿ, ಪೇಸ್ಟ್‌ಗಳು ಮೌಸ್‌ನ ಮೆಮರಿಯಲ್ಲಿರಲಿ. ಮುಂದಿರುವ ಪ್ರೋಗ್ರಾಂ ನೋಡಿ ಬದಲಾಗಬೇಕಾದವು ಸಾಫ್ಟ್‌ವೇರಿನಲ್ಲಿರಲಿ. ಜಿ ಹಬ್‌ನಲ್ಲಿ ಮೆಮರಿ ಮೋಡ್ ಚಾಲೂ ಇರುವಷ್ಟು ಹೊತ್ತು ಪ್ರೋಗ್ರಾಂವಾರು ಪ್ರೊಫೈಲ್‌ಗಳು ಕೆಲಸ ಮಾಡುವುದಿಲ್ಲ. ಆದರೆ ಮೆಮರಿಗೆ ಬರೆದ ಮೇಲೆ ಆ ಮೋಡ್ ನಿಲ್ಲಿಸಿಬಿಟ್ಟರೆ, ಸಾಫ್ಟ್‌ವೇರ್ ಓಡುತ್ತಿರುವಾಗ ಅದರ ಪ್ರೊಫೈಲ್, ಅದು ಇಲ್ಲದಾಗ ಮೆಮರಿಯಲ್ಲಿ ಬರೆದದ್ದು ಎಂಬ ಎರಡು ಪದರ ಸಿಗುತ್ತದೆ. ಮೆಮರಿಗೆ ಕೀಗಳನ್ನು ಬರೆಯಲಾಗದ ಎಂಎಕ್ಸ್ ಮಾದರಿಗಳಲ್ಲಿ ಈ ಅನುಕೂಲವಿಲ್ಲ. ಸಾಫ್ಟ್‌ವೇರ್ ಇಲ್ಲದ ಕಡೆ ಅವು ಹಿಂದೆ, ಮುಂದೆ ಎಂಬ ಮೂಲ ಕೆಲಸಕ್ಕೆ ಮರಳುತ್ತವೆ.

ಪ್ರೋಗ್ರಾಂವಾರು ಜೋಡಣೆ ನಿಜಕ್ಕೂ ಬೇಕಾಗುವ ಒಂದು ಕೆಲಸವನ್ನು ಪೂರ್ತಿ ನೋಡೋಣ. ವೆಬ್‌ಪುಟದಲ್ಲಿರುವ ಪಟ್ಟಿಯಿಂದ ಜಮೀನಿನ ಸರ್ವೆ ನಂಬರುಗಳನ್ನು ಒಂದೊಂದಾಗಿ ಎಕ್ಸೆಲ್‌ಗೆ ತರಬೇಕಿದೆ ಎನ್ನಿ. ನಂಬರುಗಳು 12/3, 45/2 ಎಂಬ ರೀತಿಯವು. ಸುಮ್ಮನೆ `Ctrl+V` ಒತ್ತಿದರೆ 12/3 ಎಂಬುದನ್ನು ಎಕ್ಸೆಲ್ ದಿನಾಂಕವೆಂದು ತಿಳಿದು, ಭಾರತದ ಸೆಟ್ಟಿಂಗ್ ಇರುವ ಕಂಪ್ಯೂಟರಿನಲ್ಲಿ 12-Mar ಎಂದು ಮಾಡಿಬಿಡುತ್ತದೆ. 45/2 ದಿನಾಂಕವಾಗಲಾರದ್ದರಿಂದ ಹಾಗೇ ಉಳಿಯುತ್ತದೆ. ಕೆಲವು ಕೆಟ್ಟು ಕೆಲವು ಸರಿಯಿರುವ ಈ ಸ್ಥಿತಿ ಎಲ್ಲವೂ ಕೆಟ್ಟದ್ದಕ್ಕಿಂತ ಅಪಾಯಕಾರಿ, ಏಕೆಂದರೆ ಕಣ್ಣು ತಪ್ಪಿಹೋಗುತ್ತದೆ. ಇದಕ್ಕೆ ಮೊದಲು ಎಕ್ಸೆಲ್‌ನ ಆ ಕಾಲಂ ಅನ್ನು Text ಎಂದು ಗುರುತಿಸಬೇಕು, ಆಮೇಲೆ ವೆಬ್‌ಪುಟದ ಬಣ್ಣ, ಅಕ್ಷರಶೈಲಿಗಳನ್ನು ಬಿಟ್ಟು ಬರಹವನ್ನಷ್ಟೇ ಇಳಿಸುವ ಪೇಸ್ಟ್ ಬಳಸಬೇಕು. ಮೈಕ್ರೋಸಾಫ್ಟ್ 365ರ ಎಕ್ಸೆಲ್‌ನಲ್ಲಿ ಅದರ ಶಾರ್ಟ್‌ಕಟ್ `Ctrl+Shift+V`. ಈಗ ಬಟನ್‌ಗಳ ಹಂಚಿಕೆ. ಬ್ರೌಸರ್‌ನಲ್ಲಿ ಹಿಂದಿನ ಪುಟಕ್ಕೆ ಹೋಗುವ ಬಟನ್ ಅನ್ನು ಕಳೆದುಕೊಳ್ಳಲು ಯಾರಿಗೂ ಮನಸ್ಸಿರುವುದಿಲ್ಲ. ಮುಂದಿನ ಪುಟದ ಬಟನ್ ಮಾತ್ರ ಹೆಚ್ಚಾಗಿ ಸುಮ್ಮನೆ ಬಿದ್ದಿರುತ್ತದೆ. ಆದ್ದರಿಂದ ಆಪ್ಷನ್ಸ್ ಪ್ಲಸ್‌ನಲ್ಲಿ ಪ್ರೋಗ್ರಾಂ ಸೇರಿಸುವ ಕೂಡುಚಿಹ್ನೆ ಒತ್ತಿ ಬ್ರೌಸರ್ ಮತ್ತು ಎಕ್ಸೆಲ್ ಎರಡನ್ನೂ ಸೇರಿಸಿಕೊಳ್ಳಬೇಕು. ಬ್ರೌಸರ್ ಆರಿಸಿ ಮುಂದಿನ ಬಟನ್‌ಗೆ `Copy`, ಎಕ್ಸೆಲ್ ಆರಿಸಿ ಅದೇ ಬಟನ್‌ಗೆ `Ctrl+Shift+V` ಕೊಡಬೇಕು. ಹಿಂದಿನ ಬಟನ್ ಬ್ರೌಸರ್‌ನಲ್ಲಿ ಹಾಗೆಯೇ ಇರಲಿ, ಎಕ್ಸೆಲ್‌ನಲ್ಲಿ `Ctrl+Z` ಆಗಲಿ. ಇಷ್ಟಾದರೆ ಒಂದೇ ಬಟನ್ ಬ್ರೌಸರ್‌ನಲ್ಲಿ ಎತ್ತಿಕೊಳ್ಳುತ್ತದೆ, ಎಕ್ಸೆಲ್‌ನಲ್ಲಿ ಇಳಿಸುತ್ತದೆ. ಎರಡನೆಯದು ಎರಡೂ ಕಡೆ ಹಿಂದೆ ಸರಿಯುತ್ತದೆ.

ಇಳಿಸಿದ ಮೇಲೆ ಕೆಳಗಿನ ಕೋಶಕ್ಕೂ ತಾನೇ ಹೋಗಲಿ ಎಂದು ಮ್ಯಾಕ್ರೋದಲ್ಲಿ ಪೇಸ್ಟ್ ಆದ ಬಳಿಕ ಕೆಳಬಾಣದ ಕೀಯನ್ನೂ ಸೇರಿಸಬಹುದು. ಅಷ್ಟಕ್ಕೇ ನಿಲ್ಲಿಸಬೇಕು. ಕಾಪಿ, ಕಿಟಕಿ ಬದಲಾವಣೆ, ಪೇಸ್ಟ್ ಮೂರನ್ನೂ ಒಂದೇ ಒತ್ತಿಗೆ ತುಂಬುವ ಆಸೆ ಬರುತ್ತದೆ, ಆದರೆ `Alt+Tab` ಒತ್ತಿದ ಮೇಲೆ ಹೊಸ ಕಿಟಕಿ ಮುಂದೆ ಬರಲು ಹಿಡಿಯುವ ಸಮಯ ಪ್ರತಿಸಲವೂ ಒಂದೇ ಅಲ್ಲ. ನಡುವೆ ಇಟ್ಟ ವಿರಾಮ ಸಾಲದಿದ್ದರೆ ಮುಂದಿನ ಕೀ ಹಳೆಯ ಕಿಟಕಿಗೇ ಹೋಗುತ್ತದೆ. ವಿರಾಮ ಹೆಚ್ಚಿಸಿದರೆ ಕೈಯಿಂದ ಮಾಡುವುದೇ ಬೇಗ ಎನಿಸುತ್ತದೆ.

ಪ್ರೋಗ್ರಾಂವಾರು ಜೋಡಣೆಯ ವಿರುದ್ಧ ಇರುವ ಗಟ್ಟಿಯಾದ ಆಕ್ಷೇಪ ಕಾಪಿ ಪೇಸ್ಟ್‌ನ ಇತಿಹಾಸದಲ್ಲೇ ಇದೆ. 1970ರ ದಶಕದಲ್ಲಿ ಝೆರಾಕ್ಸ್ ಪಾರ್ಕ್‌ನಲ್ಲಿ ಇಂದಿನ ಕಟ್, ಕಾಪಿ, ಪೇಸ್ಟ್ ಅನ್ನು ರೂಪಿಸಿದವರಲ್ಲಿ ಪ್ರಮುಖರಾದ ಲ್ಯಾರಿ ಟೆಸ್ಲರ್, ಒಂದೇ ಕೀ ಸ್ಥಿತಿಗೆ ತಕ್ಕಂತೆ ಬೇರೆ ಬೇರೆ ಅರ್ಥ ಕೊಡುವ ವಿನ್ಯಾಸವನ್ನು ಜೀವನವಿಡೀ ವಿರೋಧಿಸಿದರು. ತಾನು ಯಾವ ಸ್ಥಿತಿಯಲ್ಲಿದ್ದೇನೆ ಎಂಬುದನ್ನು ಮನುಷ್ಯ ಮರೆಯುತ್ತಾನೆ, ಮರೆತಾಗ ಕೀ ಬೇಡದ್ದನ್ನು ಮಾಡುತ್ತದೆ ಎಂಬುದು ಅವರ ವಾದ. ಒಂದೇ ಬಟನ್ ಬ್ರೌಸರ್‌ನಲ್ಲಿ ಕಾಪಿ, ಎಕ್ಸೆಲ್‌ನಲ್ಲಿ ಪೇಸ್ಟ್ ಎಂಬುದು ಅವರು ಬೇಡವೆಂದ ವಿನ್ಯಾಸವೇ. ಈ ಆಕ್ಷೇಪವನ್ನು ತಳ್ಳಿಹಾಕಲಾಗದು, ಆದರೆ ಅದರ ಬಲ ಎಷ್ಟೆಂದು ಅಳೆಯಬಹುದು. ಪ್ರೊಫೈಲ್ ಬದಲಾಗುವುದು ಮುಂದೆ ಸಕ್ರಿಯವಾಗಿರುವ ಕಿಟಕಿಯನ್ನು ನೋಡಿ, ಬಾಣ ಎಲ್ಲಿದೆ ಎಂಬುದನ್ನು ನೋಡಿ ಅಲ್ಲ. ವಿಂಡೋಸ್ 10ರಿಂದ ಈಚೆಗೆ ಚಕ್ರ ತಿರುಗಿಸಿದರೆ ಬಾಣದ ಕೆಳಗಿರುವ ಹಿಂಬದಿಯ ಕಿಟಕಿಯೂ ಸರಿಯುತ್ತದೆ. ಹಾಗಾಗಿ ಬ್ರೌಸರ್ ಪುಟವನ್ನು ಸರಿಸುತ್ತಿರುವಾಗಲೂ ಸಕ್ರಿಯವಾಗಿರುವುದು ಎಕ್ಸೆಲ್ಲೇ ಆಗಿರಬಹುದು. ಆ ಕ್ಷಣ ಬಟನ್ ಒತ್ತಿದರೆ ಪೇಸ್ಟ್ ಆಗಿಬಿಡುತ್ತದೆ. ಆದರೆ ಕಾಪಿ ಮಾಡಲು ಮೊದಲು ಬರಹವನ್ನು ಎಳೆದು ಆರಿಸಲೇಬೇಕು. ಆರಿಸಲು ಕ್ಲಿಕ್ ಮಾಡಿದೊಡನೆ ಬ್ರೌಸರ್ ಸಕ್ರಿಯವಾಗುತ್ತದೆ. ಆ ಒಂದು ಹೆಜ್ಜೆಯೇ ಸ್ಥಿತಿಯನ್ನು ಬೆರಳಿಗೆ ನೆನಪಿಸುತ್ತದೆ. ಹೀಗೆ ಕೆಲಸದೊಳಗೇ ಒಂದು ಕ್ಲಿಕ್ ಸೇರಿರುವ ಕಡೆ ಎರಡು ಅರ್ಥದ ಬಟನ್ ಸಹ್ಯ. ಅಂಥ ಕ್ಲಿಕ್ ಇಲ್ಲದ ಕಡೆ, ಉದಾಹರಣೆಗೆ ಒಂದರಲ್ಲಿ ಉಳಿಸು, ಇನ್ನೊಂದರಲ್ಲಿ ಅಳಿಸು ಎಂದು ಒಂದೇ ಬಟನ್‌ಗೆ ಕೊಡುವುದು ತೊಂದರೆಯನ್ನು ಕರೆದು ಕೂರಿಸಿದಂತೆ.

ಎರಡನೆಯ ಆಕ್ಷೇಪ ಇನ್ನೂ ಸರಳ: ಇದೆಲ್ಲ ಬೇಕೇ? `Z`, `X`, `C`, `V` ಕೀಗಳು ಕೀಬೋರ್ಡಿನ ಎಡ ಮೂಲೆಯಲ್ಲಿ, `Ctrl` ಪಕ್ಕದಲ್ಲೇ ಇವೆ; ಬಲಗೈ ಮೌಸ್ ಮೇಲಿದ್ದರೂ ಎಡಗೈ ಒಂದರಿಂದಲೇ ಒತ್ತಬಹುದು. ಎಡಗೈ ಕೀಬೋರ್ಡಿನ ಮೇಲೆ ಬಿಡುವಾಗಿ ಇರುವವರಿಗೆ ಬರೀ ಕಾಪಿ, ಪೇಸ್ಟ್ ಜೋಡಿಸುವುದರಿಂದ ಉಳಿತಾಯ ಬಹಳ ಕಡಿಮೆ ಎಂಬುದನ್ನು ಒಪ್ಪಬೇಕು. ಲಾಭವಿರುವುದು ಎಡಗೈಗೆ ಬೇರೆ ಕೆಲಸವಿರುವಾಗ, ಅಂದರೆ ಕಾಗದದ ದಾಖಲೆ ತಿರುವುತ್ತಿರುವಾಗಲೋ ಫೋನ್ ಹಿಡಿದಿರುವಾಗಲೋ. `Ctrl+Shift+V`ಯಂಥ ಮೂರು ಕೀಗಳ ಜೋಡಿಯಲ್ಲಿ, ಬಲಗೈ ಮೌಸ್ ಬಿಟ್ಟು ಬರಬೇಕಾದ ಶಾರ್ಟ್‌ಕಟ್‌ಗಳಲ್ಲಿ ಲಾಭ ಇನ್ನೂ ಸ್ಪಷ್ಟ. ಎಡಗೈಯಲ್ಲಿ ಮೌಸ್ ಹಿಡಿಯುವವರಿಗೆ ಈ ಬಟನ್‌ಗಳು ಹೆಬ್ಬೆರಳಿಗೆ ಸಿಗದೆ ಉಂಗುರ ಬೆರಳಿನ ಕಡೆ ಬೀಳುತ್ತವೆ, ಹಿಡಿಯುವಾಗಲೇ ಅಮುಕಿಹೋಗುತ್ತವೆ. ಅಂಥವರು ಪೇಸ್ಟ್ ಅನ್ನು ಇಲ್ಲಿ ಇಡದಿರುವುದೇ ಮೇಲು.

ಗೊತ್ತಿಲ್ಲದೆ ಒತ್ತಿಹೋದರೆ ಏನಾಗುತ್ತದೆ ಎಂಬುದನ್ನೂ ಪ್ರತಿ ಪ್ರೋಗ್ರಾಮಿಗೆ ಬೇರೆಯಾಗಿ ಯೋಚಿಸಬೇಕು. ಕಾಪಿ ನಿರಪಾಯ ಎಂಬ ಭಾವನೆ ಪೂರ್ತಿ ನಿಜವಲ್ಲ. ವಿಎಸ್ ಕೋಡ್‌ನಲ್ಲಿ ಏನನ್ನೂ ಆರಿಸದೆ `Ctrl+C` ಒತ್ತಿದರೆ ಇಡೀ ಸಾಲು ಕಾಪಿಯಾಗಿ, ಮೊದಲು ಕಾಪಿ ಮಾಡಿಟ್ಟದ್ದು ಹೋಗುತ್ತದೆ. ವಿಂಡೋಸ್‌ನಲ್ಲಿ `Win+V` ಒತ್ತಿ ಕ್ಲಿಪ್‌ಬೋರ್ಡ್ ಇತಿಹಾಸವನ್ನು ಒಮ್ಮೆ ಚಾಲೂ ಮಾಡಿಕೊಂಡಿದ್ದರೆ ಕಳೆದದ್ದನ್ನು ಹಿಂದಕ್ಕೆ ಪಡೆಯಬಹುದು. ದೂರದ ಸರ್ವರ್‌ಗೆ ಪುಟ್ಟಿ ಮೂಲಕ ಸಂಪರ್ಕಿಸುವವರ ಸ್ಥಿತಿ ಇನ್ನೂ ಸೂಕ್ಷ್ಮ. ಪುಟ್ಟಿಯಲ್ಲಿ ಬರಹವನ್ನು ಆರಿಸಿದೊಡನೆ ಅದು ಕಾಪಿಯಾಗಿಯೇ ಇರುತ್ತದೆ. ರೂಢಿಯಿಂದ ಕಾಪಿ ಬಟನ್ ಕೂಡ ಒತ್ತಿದರೆ `Ctrl+C` ಸರ್ವರ್‌ಗೆ ತಲುಪಿ, ಅಲ್ಲಿ ಓಡುತ್ತಿರುವ ಕೆಲಸವನ್ನೇ ನಿಲ್ಲಿಸುತ್ತದೆ. `putty.exe`ಗೆ ಬೇರೆ ಪ್ರೊಫೈಲ್ ಮಾಡಿ, ಕಾಪಿ ಬಟನ್ ಅನ್ನು ಖಾಲಿ ಬಿಟ್ಟು, ಪೇಸ್ಟ್‌ಗೆ `Shift+Insert` ಕೊಡುವುದು ಇದಕ್ಕೆ ಪರಿಹಾರ. ಎಲ್ಲೆಡೆ ಒಂದೇ ಅರ್ಥ ಎಂದು ಮೆಮರಿಗೆ ಬರೆದ ಕಾಪಿಗೂ ಹೀಗೆ ಒಂದು ಅಪವಾದ ಉಂಟು, ಮತ್ತು ಆ ಅಪವಾದವನ್ನು ನೋಡಿಕೊಳ್ಳಬಲ್ಲದ್ದು ಸಾಫ್ಟ್‌ವೇರ್ ಮಾತ್ರ.

ಜೋಡಣೆ ಕೆಲಸ ಮಾಡದಾಗ ಎಲ್ಲಿ ಕೆಟ್ಟಿದೆ ಎಂದು ತಿಳಿಯಲು ಮೊದಲು ನೋಟ್‌ಪ್ಯಾಡ್‌ನಲ್ಲಿ ಬಟನ್ ಒತ್ತಿ ನೋಡಬೇಕು. ಅಲ್ಲಿ ನಡೆದು ಬೇರೆ ಒಂದು ಪ್ರೋಗ್ರಾಮಿನಲ್ಲಿ ನಡೆಯದಿದ್ದರೆ, ಆ ಪ್ರೋಗ್ರಾಂ ಅಡ್ಮಿನಿಸ್ಟ್ರೇಟರ್ ಹಕ್ಕಿನಲ್ಲಿದೆಯೇ ಅಥವಾ ಅದಕ್ಕೆ ಬೇರೆ ಪ್ರೊಫೈಲ್ ಇದೆಯೇ ಎಂದು ನೋಡಬೇಕು. ಎಲ್ಲಿಯೂ ಕಾಪಿಯಾಗದೆ ಬ್ರೌಸರ್‌ನಲ್ಲಿ ಪುಟ ಹಿಂದೆ ಹೋಗುತ್ತಿದ್ದರೆ ಮೌಸ್ ಸರಿಯಿದೆ, ಸಾಫ್ಟ್‌ವೇರ್ ಓಡುತ್ತಿಲ್ಲ. ಆಪಲ್ ಕಂಪ್ಯೂಟರಿನಲ್ಲಿ ಸಾಫ್ಟ್‌ವೇರಿಗೆ `Accessibility` ಅನುಮತಿ ತಪ್ಪಿಹೋಗಿದ್ದರೂ ಜೋಡಣೆ ನಿಲ್ಲುತ್ತದೆ. ಒಮ್ಮೆ ಒತ್ತಿದರೆ ಎರಡು ಸಲ ಪೇಸ್ಟ್ ಆಗುವುದು ಸಾಮಾನ್ಯವಾಗಿ ಸವೆದ ಸ್ವಿಚ್‌ನ ಲಕ್ಷಣ. ಬಟನ್ ಅನ್ನು ಮತ್ತೆ ಹಿಂದಿನ ಪುಟಕ್ಕೆ ಜೋಡಿಸಿ ನೋಡಿದಾಗ ಒಂದೇ ಒತ್ತಿಗೆ ಎರಡು ಪುಟ ಹಿಂದೆ ಹೋದರೆ ಅದು ಖಚಿತ. ಸೆಟ್ಟಿಂಗ್ ಬದಲಿಸಿ ಸರಿಮಾಡುವಂಥದ್ದಲ್ಲ. ಇನ್ನೊಂದು ದೂರೂ ಇದೆ, ಅದಕ್ಕೆ ಈ ಸಾಫ್ಟ್‌ವೇರ್‌ಗಳಲ್ಲಿ ಉತ್ತರವಿಲ್ಲ: ಗೂಗಲ್ ಶೀಟ್ಸ್‌ಗೆ ಬೇರೆ ಪ್ರೊಫೈಲ್ ಮಾಡಿದರೂ ಹಿಡಿಯುವುದಿಲ್ಲ ಎಂಬುದು. ಮುಂದಿರುವುದು ಯಾವ ಪ್ರೋಗ್ರಾಂ ಎಂದು ಸಾಫ್ಟ್‌ವೇರ್ ನೋಡುತ್ತದೆಯೇ ಹೊರತು ಅದರೊಳಗೆ ಯಾವ ಪುಟ ತೆರೆದಿದೆ ಎಂದಲ್ಲ. ಶೀಟ್ಸ್ ಆಗಲಿ, ಪತ್ರಿಕೆಯ ಪುಟವಾಗಲಿ ಅದಕ್ಕೆ ಎರಡೂ `chrome.exe`. ಮೇಲಿನ ಸರ್ವೆ ನಂಬರಿನ ಕೆಲಸವನ್ನು ಶೀಟ್ಸ್‌ನಲ್ಲಿ ಮಾಡುವವರು ಶೀಟ್ಸ್ ಅನ್ನು ಬೇರೆ ಕಂಪನಿಯ ಬ್ರೌಸರ್‌ನಲ್ಲಿ ತೆರೆದು, ಆ ಬ್ರೌಸರ್‌ಗೆ ಎಕ್ಸೆಲ್‌ನ ಜೋಡಣೆ ಕೊಡಬಹುದು; `Ctrl+Shift+V` ಅಲ್ಲಿಯೂ ಬರಹವನ್ನಷ್ಟೇ ಇಳಿಸುತ್ತದೆ.